ಹೆಚ್ಚು ಹೊತ್ತು ಕೂತವರಿಗೆ ಹೆಚ್ಚು ಅಂಕ ಸಿಗದ ಟೇಕ್-ಹೋಮ್ ಟಾಸ್ಕ್: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಆನ್‌ಲೈನಿನಲ್ಲಿ ಸಾಮಾನು ಮಾರುವ ಮಧ್ಯಮ ಗಾತ್ರದ ಒಂದು ಸಂಸ್ಥೆ. ಅದರ ವಿಶ್ಲೇಷಣಾ ತಂಡಕ್ಕೆ ಡೇಟಾ ಅನಲಿಸ್ಟ್ ಬೇಕಾಗಿತ್ತು. ನೇಮಕಾತಿಯ ಕ್ರಮವನ್ನು ನೋಡಿ ಸರಿಪಡಿಸಿಕೊಡಿ ಎಂದು ನನ್ನನ್ನು ಕರೆದಿದ್ದರು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನೂ ಅಂಕಿಗಳನ್ನೂ ಬದಲಿಸಿದ್ದೇನೆ. ತೀರ್ಮಾನಗಳು ಮತ್ತು ಅವುಗಳ ಹಿಂದಿನ ಕಾರಣಗಳು ಮಾತ್ರ ನಡೆದ ಹಾಗೆಯೇ ಇವೆ.

ಅವರ ಹಳೆಯ ಕ್ರಮ ಹೀಗಿತ್ತು. ಅರ್ಜಿ ನೋಡಿ ಹಿಡಿಸಿದವರಿಗೆಲ್ಲ ಒಂದು ಟಾಸ್ಕ್ ಕಳಿಸುವುದು, ಬಂದ ಉತ್ತರಗಳಲ್ಲಿ ಚೆನ್ನಾಗಿದ್ದವರನ್ನು ಸಂದರ್ಶನಕ್ಕೆ ಕರೆಯುವುದು. ಟಾಸ್ಕಿನಲ್ಲಿ ಮೂರು ಡೇಟಾ ಫೈಲುಗಳಿದ್ದವು. ಅವುಗಳನ್ನು ಸ್ವಚ್ಛಗೊಳಿಸಿ, ಒಂದು ಡ್ಯಾಶ್‌ಬೋರ್ಡ್ ಕಟ್ಟಿ, ಹತ್ತು ಸ್ಲೈಡುಗಳಲ್ಲಿ ವ್ಯಾಪಾರಕ್ಕೆ ಸಲಹೆಗಳನ್ನು ಕೊಡಬೇಕಿತ್ತು. ಕೊನೆಯಲ್ಲಿ ಒಂದು ಸಾಲು: "ಇದಕ್ಕೆ ಸುಮಾರು ನಾಲ್ಕು ಗಂಟೆ ಸಾಕು. ಒಂದು ವಾರದೊಳಗೆ ಕಳಿಸಿ."

ಎಲ್ಲಿ ಎಡವುತ್ತಿತ್ತು

ಅವರ ದೂರು ಎರಡು ಬಗೆಯದು. ಟಾಸ್ಕ್ ತಲುಪಿದವರಲ್ಲಿ ಬಹಳ ಮಂದಿ ಉತ್ತರವನ್ನೇ ಕಳಿಸುತ್ತಿರಲಿಲ್ಲ. ಕಳಿಸಿದವರ ಉತ್ತರಗಳಿಗೆ ಅಂಕ ಹಾಕುವಾಗ ಇಬ್ಬರು ಪರಿಶೀಲಕರಿಗೆ ಹೊಂದುತ್ತಿರಲಿಲ್ಲ.

ಮೊದಲನೆಯದರ ಬೆನ್ನು ಹತ್ತಲು, ಹಿಂದಿನ ಸುತ್ತಿನ ಅಭ್ಯರ್ಥಿಗಳಿಗೆ ಫಲಿತಾಂಶ ತಿಳಿಸಿಯಾದ ಮೇಲೆ ಒಂದೇ ಪ್ರಶ್ನೆ ಕೇಳಿದೆವು: ನಿಜಕ್ಕೂ ಎಷ್ಟು ಹೊತ್ತು ಹಿಡಿಯಿತು? ನಾಲ್ಕು ಗಂಟೆಗೆ ನಿಲ್ಲಿಸಿದವರಿದ್ದರು. ಶನಿವಾರ, ಭಾನುವಾರ ಎರಡೂ ಕೂತು ಸೋಮವಾರ ರಾತ್ರಿಯೂ ತಿದ್ದಿದವರಿದ್ದರು. ಆ ಗಂಟೆಗಳನ್ನು ಅವರಿಗೆ ಸಿಕ್ಕ ಅಂಕಗಳ ಪಕ್ಕದಲ್ಲಿಟ್ಟಾಗ, ಒಂದೆರಡು ಅಪವಾದ ಬಿಟ್ಟರೆ ಎರಡೂ ಪಟ್ಟಿಗಳು ಒಂದೇ ಕ್ರಮದಲ್ಲಿದ್ದವು. ಹೇಳಿದ ಮಾತಿಗೆ ಕಟ್ಟುಬಿದ್ದು ನಾಲ್ಕು ಗಂಟೆಗೆ ನಿಲ್ಲಿಸಿದವರು ಪಟ್ಟಿಯ ಕೆಳಗಿದ್ದರು.

ತಂಡದ ಮುಖ್ಯಸ್ಥೆ ಇದನ್ನು ಸುಲಭಕ್ಕೆ ಒಪ್ಪಲಿಲ್ಲ. "ಹೆಚ್ಚು ದುಡಿದವರು ನಾಳೆ ಕೆಲಸದಲ್ಲೂ ಹೆಚ್ಚು ದುಡಿಯುತ್ತಾರಲ್ಲ, ಅದರಲ್ಲಿ ತಪ್ಪೇನು?" ಎಂದು ಕೇಳಿದರು. ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಇದಕ್ಕೆ ಎರಡು ಉತ್ತರಗಳಿವೆ. ವಾರಾಂತ್ಯ ಪೂರ್ತಿ ಕೂರುವುದಕ್ಕೆ ಮನಸ್ಸಿದ್ದರೆ ಸಾಲದು, ಬಿಡುವೂ ಇರಬೇಕು. ಮನೆಯಲ್ಲಿ ಸಣ್ಣ ಮಗುವೋ ಹಾಸಿಗೆ ಹಿಡಿದವರೋ ಇದ್ದರೆ, ಈಗಿನ ಕೆಲಸವೇ ಹೊತ್ತು ಮುಗಿಸುವಂತಿದ್ದರೆ ಆ ಬಿಡುವು ಇರುವುದಿಲ್ಲ. ಅಂಥವರನ್ನು ಟಾಸ್ಕ್ ಸದ್ದಿಲ್ಲದೆ ಸೋಸಿ ಹೊರಹಾಕುತ್ತದೆ. ಮುಖ್ಯಸ್ಥೆಯ ಮನಸ್ಸನ್ನು ಬದಲಿಸಿದ್ದು ಎರಡನೆಯ ಉತ್ತರ. ನಿಮ್ಮ ತಂಡದಲ್ಲಿ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಎಷ್ಟು ಹೊತ್ತು ಸಿಗುತ್ತದೆ ಎಂದು ನಾನು ಕೇಳಿದೆ. ಬೆಳಗ್ಗೆ ಪ್ರಶ್ನೆ ಬಂದರೆ ಮಧ್ಯಾಹ್ನದೊಳಗೆ ಉತ್ತರ ಹೋಗಬೇಕು ಎಂದರು. ಹಾಗಿದ್ದರೆ ಮೂರು ದಿನ ಕುಸುರಿ ಮಾಡಿದ ಸ್ಲೈಡುಗಳನ್ನು ಆ ಕೆಲಸದ ಮಾದರಿ ಎಂದು ಹೇಗೆ ಕರೆಯುವುದು?

ಅಂಕಗಳ ತೊಡಕು ಇನ್ನೂ ನೇರವಾಗಿತ್ತು. ಒಂದೇ ಉತ್ತರಕ್ಕೆ ಹತ್ತರಲ್ಲಿ ಒಬ್ಬರು ನಾಲ್ಕು ಕೊಟ್ಟಿದ್ದರು, ಇನ್ನೊಬ್ಬರು ಎಂಟು. ಇಬ್ಬರನ್ನೂ ಕೂರಿಸಿ ಕೇಳಿದಾಗ, ಎಂಟು ಕೊಟ್ಟವರಿಗೆ ಡ್ಯಾಶ್‌ಬೋರ್ಡಿನ ಅಚ್ಚುಕಟ್ಟು ಹಿಡಿಸಿತ್ತು. ನಾಲ್ಕು ಕೊಟ್ಟವರು ಮೊದಲ ಪುಟದಲ್ಲೇ ಒಂದು ಎಣಿಕೆಯ ತಪ್ಪು ಕಂಡು ಮುಂದಿನದನ್ನು ಅರೆಮನಸ್ಸಿನಿಂದ ಓದಿದ್ದರು. ಇಬ್ಬರೂ ಅಜಾಗರೂಕರಲ್ಲ. ಏನನ್ನು ನೋಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಒಂದು ಗುಣವೋ ದೋಷವೋ ಕಣ್ಣಿಗೆ ಬಿದ್ದ ಕೂಡಲೇ ಉಳಿದೆಲ್ಲವೂ ಅದರ ಬಣ್ಣದಲ್ಲೇ ಕಾಣುವುದನ್ನು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಗುರುತಿಸಿ ಹೆಸರಿಟ್ಟಿದ್ದರು. ಹತ್ತಕ್ಕೆ ಇಷ್ಟು ಎಂಬ ಒಂದೇ ಅಂಕ ಆ ಪ್ರಭಾವಕ್ಕೆ ಬಾಗಿಲು ತೆರೆದಿಟ್ಟ ಹಾಗೆ.

ಕ್ರಮವನ್ನು ತಿರುಗಿಸಿದ್ದು

ಸಾಮಾನ್ಯವಾಗಿ ಮೊದಲು ಟಾಸ್ಕ್ ಬರೆಯುತ್ತಾರೆ, ಉತ್ತರಗಳು ಬಂದ ಮೇಲೆ ಅಂಕ ಹೇಗೆ ಎಂದು ಯೋಚಿಸುತ್ತಾರೆ. ನಾವು ಅಂಕದಿಂದ ಶುರುಮಾಡಿದೆವು. ಇಡೀ ಕೆಲಸದಲ್ಲಿ ಮಿಕ್ಕೆಲ್ಲವನ್ನೂ ನಿರ್ಧರಿಸಿದ್ದು ಇದೇ ತಿರುವು.

ತಂಡದ ಅನಲಿಸ್ಟ್‌ಗಳನ್ನು ಕೂರಿಸಿಕೊಂಡು, ಹೊಸಬರು ಮೊದಲ ಮೂರು ತಿಂಗಳಲ್ಲಿ ಏನೇನು ಮಾಡುತ್ತಾರೆ, ಅದರಲ್ಲಿ ಯಾವುದನ್ನು ನಾವೇ ಕಲಿಸಬಲ್ಲೆವು, ಯಾವುದು ಇಲ್ಲದಿದ್ದರೆ ಪೆಟ್ಟು ಬೀಳುತ್ತದೆ ಎಂದು ಪಟ್ಟಿ ಮಾಡಿದೆವು. ಡ್ಯಾಶ್‌ಬೋರ್ಡ್ ಸಾಧನವನ್ನು ಕೆಲವೇ ವಾರಗಳಲ್ಲಿ ಕಲಿಸಬಹುದು. ಪೆಟ್ಟು ಬಿದ್ದದ್ದೆಲ್ಲ ಬೇರೆ ಕಡೆ: ಎಣಿಕೆಯನ್ನು ಪರಿಶೀಲಿಸದೆ ಕಳಿಸಿದಾಗ, ಡೇಟಾ ಇನ್ನೂ ಪೂರ್ತಿ ಬಂದಿಲ್ಲವೆಂಬುದು ಗಮನಕ್ಕೆ ಬಾರದಿದ್ದಾಗ, ಓದುವವರಿಗೆ ಉತ್ತರ ಯಾವುದೆಂದೇ ಗೊತ್ತಾಗದಿದ್ದಾಗ, ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಬರೆದಾಗ. ಹೀಗೆ ನಾಲ್ಕು ಅಂಶಗಳು ಉಳಿದವು.

ಆಮೇಲೆ ಟಾಸ್ಕಿಗೆ ಸೇರಿಸಬೇಕೆಂದು ಯಾರು ಏನೇ ಸೂಚಿಸಿದರೂ ಅದಕ್ಕೆ ಒಂದೇ ಪರೀಕ್ಷೆ: ಅಭ್ಯರ್ಥಿಗೆ ಇನ್ನೊಂದು ದಿನ ಹೆಚ್ಚು ಸಿಕ್ಕರೆ ಇದರಲ್ಲಿ ಅಂಕ ಏರುತ್ತದೆಯೇ? ಡ್ಯಾಶ್‌ಬೋರ್ಡ್, ಸ್ಲೈಡು, ಕೋಡಿನ ಚೆಂದ, ಇನ್ನಷ್ಟು ಚಾರ್ಟುಗಳು, ಎಲ್ಲದಕ್ಕೂ ಉತ್ತರ ಹೌದು. ಎಲ್ಲವನ್ನೂ ಬಿಟ್ಟೆವು. ಸಮಯದ ಮಿತಿಯನ್ನು ಕಾಗದದಲ್ಲಿ ಎಷ್ಟು ದಪ್ಪ ಅಕ್ಷರದಲ್ಲಿ ಬರೆದರೂ, ಹೆಚ್ಚಿನ ಸಮಯಕ್ಕೆ ಅಂಕ ಸಿಗುವುದಾದರೆ ಆ ಮಿತಿಯನ್ನು ಪಾಲಿಸಿದವರಿಗೇ ನಷ್ಟ.

ಹೊಸ ಟಾಸ್ಕ್

ಅಭ್ಯರ್ಥಿಗೆ ಎರಡು ಸಣ್ಣ ಫೈಲುಗಳು: ಹನ್ನೆರಡು ವಾರಗಳ ಆರ್ಡರ್‌ಗಳು ಮತ್ತು ಗ್ರಾಹಕರು ವಾಪಸ್ ಕಳಿಸಿದ ಸಾಮಾನುಗಳು. ಸ್ಪ್ರೆಡ್‌ಶೀಟಿನಲ್ಲೂ ತೆರೆಯಬಹುದಾದ ಕೆಲವು ನೂರು ಸಾಲುಗಳಷ್ಟೆ. ಡೇಟಾ ಪೂರ್ತಿ ಕೃತಕ. ಸಂಸ್ಥೆಯ ನಿಜವಾದ ಸಮಸ್ಯೆಯನ್ನು ಪುಕ್ಕಟೆಯಾಗಿ ಬಿಡಿಸಿಕೊಳ್ಳುತ್ತಿದ್ದಾರೆಂಬ ಅನುಮಾನಕ್ಕೆ ಎಡೆಯೇ ಇರಬಾರದೆಂದು ಹಾಗೆ ಮಾಡಿದೆವು. ಪ್ರಶ್ನೆ ಒಂದೇ, ವ್ಯವಸ್ಥಾಪಕರೊಬ್ಬರು ಕೇಳುವ ಧಾಟಿಯಲ್ಲಿ: "ಒಂಬತ್ತನೆಯ ವಾರದ ಮೊದಲ ದಿನದಿಂದ ಪ್ಯಾಕಿಂಗ್ ಬದಲಿಸಿದ್ದೇವೆ. ಅದರಿಂದ ವಾಪಸಾತಿ ಕಡಿಮೆಯಾಗಿದೆಯೇ?"

ಇದರೊಳಗೆ ಎರಡು ಗುಂಡಿಗಳಿವೆ. ಮೊದಲನೆಯದು ಎಣಿಕೆಯದು. ವಾಪಸಾತಿಯ ಫೈಲಿನಲ್ಲಿ ಒಂದೊಂದು ಸಾಮಾನಿಗೂ ಒಂದೊಂದು ಸಾಲು. ಒಂದು ಆರ್ಡರಿನ ಎರಡು ಸಾಮಾನು ವಾಪಸಾದರೆ ಆ ಆರ್ಡರ್ ಎರಡು ಸಲ ಬರುತ್ತದೆ. ಎರಡು ಫೈಲುಗಳನ್ನು ನೇರವಾಗಿ ಜೋಡಿಸಿದರೆ ಹೀಗಾಗುತ್ತದೆ:

```sql
SELECT COUNT(r.order_id) * 1.0 / COUNT(o.order_id)
FROM orders o
LEFT JOIN returns r ON r.order_id = o.order_id;
```

ಹತ್ತು ಆರ್ಡರ್‌ಗಳಲ್ಲಿ ಎರಡು ವಾಪಸಾಗಿವೆ, ಅದರಲ್ಲಿ ಒಂದಕ್ಕೆ ಎರಡು ಸಾಲುಗಳಿವೆ ಎಂದುಕೊಳ್ಳಿ. ನಿಜವಾದ ಪ್ರಮಾಣ ಶೇ. 20. ಮೇಲಿನ ಕ್ವೆರಿ ಹನ್ನೊಂದು ಸಾಲುಗಳಲ್ಲಿ ಮೂರನ್ನು ಎಣಿಸಿ ಶೇ. 27 ಎನ್ನುತ್ತದೆ.

ಎರಡನೆಯ ಗುಂಡಿ ಆಳದ್ದು. ಸಾಮಾನನ್ನು ವಾಪಸ್ ಕಳಿಸಲು ಗ್ರಾಹಕರಿಗೆ 30 ದಿನಗಳ ಅವಕಾಶವಿದೆ. ಫೈಲು ಹನ್ನೆರಡನೆಯ ವಾರದ ಕೊನೆಗೆ ಮುಗಿಯುತ್ತದೆ. ಅಂದರೆ ಪ್ಯಾಕಿಂಗ್ ಬದಲಾದ ಮೇಲೆ ಹೋದ ಯಾವ ಆರ್ಡರಿಗೂ ಇನ್ನೂ 30 ದಿನ ತುಂಬಿಲ್ಲ, ಹೆಚ್ಚೆಂದರೆ 28. ವಾರವಾರದ ಪ್ರಮಾಣವನ್ನು ಹಾಗೆಯೇ ಗೀಚಿದರೆ ಒಂಬತ್ತನೆಯ ವಾರದಿಂದ ಗೆರೆ ಚೆಂದವಾಗಿ ಇಳಿಯುತ್ತದೆ. ಹೊಸ ಪ್ಯಾಕಿಂಗ್ ಗೆದ್ದಿತು ಎನ್ನಿಸುತ್ತದೆ. ವಾಪಸ್ ಬರಬೇಕಾದವು ಇನ್ನೂ ಬಂದಿಲ್ಲ, ಅಷ್ಟೆ. ಪ್ರತಿ ಆರ್ಡರಿನ ಮೊದಲ ಏಳು ದಿನಗಳ ವಾಪಸಾತಿಯನ್ನು ಮಾತ್ರ ಎಣಿಸಿ, ಏಳು ದಿನ ತುಂಬಿರುವ ಹನ್ನೊಂದನೆಯ ವಾರದವರೆಗೆ ಹೋಲಿಸಿದರೆ, ಹಿಂದಿಗೂ ಮುಂದಿಗೂ ವ್ಯತ್ಯಾಸವಿಲ್ಲದಂತೆ ಡೇಟಾವನ್ನು ಹೆಣೆದಿದ್ದೆವು.

ಇಲ್ಲಿ ಒಂದು ಚರ್ಚೆ ನಡೆಯಿತು. 30 ದಿನಗಳ ನಿಯಮವನ್ನು ಟಾಸ್ಕಿನಲ್ಲಿ ಹೇಳಬೇಕೇ? ಹಿರಿಯ ಅನಲಿಸ್ಟ್ ಒಬ್ಬರು ಬೇಡ ಎಂದರು, ಹೇಳಿದರೆ ಗುಟ್ಟು ಬಿಟ್ಟುಕೊಟ್ಟಂತೆ ಎಂಬುದು ಅವರ ವಾದ. ಆದರೆ ಹೇಳದಿದ್ದರೆ, ಹಿಂದೆ ಇದೇ ವ್ಯಾಪಾರದಲ್ಲಿದ್ದವರು ಮಾತ್ರ ಊಹಿಸಬಲ್ಲರು. ಆಸ್ಪತ್ರೆಯ ಡೇಟಾದಲ್ಲಿ ಕೆಲಸ ಮಾಡಿ ಬಂದ ಜಾಣರಿಗೆ ಅದು ಹೊಳೆಯದಿದ್ದರೆ ಅವರ ಯೋಚನೆಯ ದೋಷವಲ್ಲ. ನಾವು ಅಳೆಯಬೇಕಾದದ್ದು ನಿಯಮ ಗೊತ್ತೇ ಎಂಬುದನ್ನಲ್ಲ, ಗೊತ್ತಾದ ನಿಯಮದಿಂದ ಡೇಟಾಕ್ಕೆ ಏನಾಗುತ್ತದೆಂದು ಕಾಣುತ್ತದೆಯೇ ಎಂಬುದನ್ನು. ಟಾಸ್ಕಿನ ಎರಡನೆಯ ಸಾಲಿನಲ್ಲೇ ನಿಯಮವನ್ನು ಬರೆದೆವು. ಆಮೇಲೆ ನೋಡಿದರೆ, ಸಾಲು ಕಣ್ಣೆದುರಿಗಿದ್ದರೂ ಅಭ್ಯರ್ಥಿಗಳು ಬೇರೆಬೇರೆ ಮಟ್ಟದಲ್ಲಿ ಚೆದುರಿದ್ದು ಇದೇ ಅಂಶದಲ್ಲಿ.

ಸಮಯವನ್ನು ಅಳೆದದ್ದು

ಟಾಸ್ಕ್ ಬರೆದವರ ಅಂದಾಜನ್ನು ನಂಬಲಾಗದು. ಉತ್ತರ ಗೊತ್ತಿರುವವರಿಗೆ ದಾರಿ ಯಾವಾಗಲೂ ಹತ್ತಿರ. ಆದ್ದರಿಂದ ಟಾಸ್ಕನ್ನು ಹಿಂದೆ ನೋಡಿರದ ನಾಲ್ವರು ಉದ್ಯೋಗಿಗಳಿಂದ ಗಡಿಯಾರ ಇಟ್ಟು ಮಾಡಿಸಿದೆವು. ಇದೇ ತಂಡದ ಮೂವರು ಒಂದು ಗಂಟೆಯೊಳಗೆ ಮುಗಿಸಿದರು. ಬೇರೆ ವಿಭಾಗದಿಂದ ಬಂದ ನಾಲ್ಕನೆಯವರಿಗೆ ಸುಮಾರು ಒಂದೂಮುಕ್ಕಾಲು ಗಂಟೆ ಬೇಕಾಯಿತು. ಅದರಲ್ಲಿ ಇಪ್ಪತ್ತು ನಿಮಿಷ `status` ಎಂಬ ಕಾಲಮ್ಮಿನ ಸಂಕೇತಗಳು ಏನೆಂದು ಬಿಡಿಸುವುದರಲ್ಲೇ ಹೋಗಿತ್ತು. ಒಳಗಿನವರಿಗೆ ಅದು ದಿನಬಳಕೆಯ ವಿಷಯ, ಹಾಗಾಗಿ ಅವರಾರೂ ಅಲ್ಲಿ ನಿಂತಿರಲೇ ಇಲ್ಲ.

ಪ್ರಾಯೋಗಿಕ ಸುತ್ತಿನಲ್ಲಿ ಹೊರಗಿನವರೊಬ್ಬರು ಇರಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಅಭ್ಯರ್ಥಿ ಯಾವಾಗಲೂ ಆ ನಾಲ್ಕನೆಯವರ ಜಾಗದಲ್ಲಿರುತ್ತಾರೆ. ಪ್ರತಿ ಕಾಲಮ್ಮಿಗೂ ಒಂದು ಸಾಲಿನ ವಿವರಣೆ ಸೇರಿಸಿದೆವು. ಸಮಯವನ್ನು ಒಳಗಿನವರ ಸರಾಸರಿಗೆ ನಿಗದಿಮಾಡದೆ, ನಿಧಾನವಾದ ಹೊರಗಿನವರಿಗೂ ಸ್ವಲ್ಪ ಉಸಿರಾಡಲು ಬರುವಂತೆ ಎರಡು ಗಂಟೆ ಎಂದು ಇಟ್ಟೆವು.

ಆ ಎರಡು ಗಂಟೆಯನ್ನು ಜಾರಿ ಮಾಡುವುದು ಹೇಗೆ? ಮಾತಿನ ಮೇಲೆ ಬಿಟ್ಟರೆ ಹಳೆಯ ಕಥೆಯೇ. ಎರಡು ಗಂಟೆಗೆ ಸರಿಯಾಗಿ ಬಾಗಿಲು ಮುಚ್ಚಿದರೆ ನಡುವೆ ಮಗು ಎದ್ದವರು, ಇಂಟರ್ನೆಟ್ ಹೋದವರು ಸೋಲುತ್ತಾರೆ. ಕೊನೆಗೆ ಹೀಗೆ ಮಾಡಿದೆವು: ಹತ್ತು ದಿನಗಳೊಳಗೆ ತಮಗೆ ಅನುಕೂಲವಾದ ಹೊತ್ತಿಗೆ ಅಭ್ಯರ್ಥಿಯೇ ಫೈಲನ್ನು ತೆರೆಯುತ್ತಾರೆ, ತೆರೆದ ಮೂರು ಗಂಟೆಗೆ ಸಲ್ಲಿಕೆ ಮುಚ್ಚುತ್ತದೆ. ಕೆಲಸಕ್ಕೆ ಎರಡು ಗಂಟೆ, ಅಡಚಣೆಗಳಿಗೆ ಒಂದು. ಸ್ಕ್ರೀನ್ ರೀಡರ್ ಬಳಸುವವರಂತೆ ಹೆಚ್ಚು ಸಮಯ ಬೇಕಾದವರು ಮಾನವ ಸಂಪನ್ಮೂಲ ವಿಭಾಗದ ಒಬ್ಬರಿಗೆ ಹೇಳಿದರೆ ಸಾಕು. ಅಂಕ ಹಾಕುವವರಿಗೆ ಅದು ತಿಳಿಯುವುದೇ ಇಲ್ಲ.

ಆದರೆ ಸಮಯವನ್ನು ನಿಜವಾಗಿ ಹಿಡಿದಿಟ್ಟದ್ದು ಗಡಿಯಾರವಲ್ಲ, ಉತ್ತರದ ಅಳತೆ. ಒಂದು ಪುಟ, 300 ಪದ, ಒಂದು ಕೋಷ್ಟಕ ಅಥವಾ ಒಂದು ಚಾರ್ಟು, ಜೊತೆಗೆ ಲೆಕ್ಕ ಮಾಡಿದ ಕ್ವೆರಿ ಅಥವಾ ಶೀಟು. ಮೊದಲ ಪುಟದ ಆಚೆಗಿನದನ್ನು ಓದುವುದಿಲ್ಲ ಎಂದು ಮೊದಲೇ ಹೇಳಿದೆವು. ಹೊತ್ತು ಮುಗಿದರೆ ಅಲ್ಲಿಗೇ ನಿಲ್ಲಿಸಿ, ಮುಂದೆ ಏನು ಮಾಡುತ್ತಿದ್ದಿರಿ ಎಂದು ಬರೆಯಿರಿ, ಅದಕ್ಕೂ ಅಂಕವಿದೆ ಎಂದೂ ಬರೆದೆವು.

ಇನ್ನೆರಡು ಬದಲಾವಣೆ. ಟಾಸ್ಕನ್ನು ಅರ್ಜಿ ಹಿಡಿಸಿದವರಿಗೆಲ್ಲ ಕಳಿಸುವ ಬದಲು, ಒಂದು ಸಣ್ಣ ಫೋನ್ ಮಾತುಕತೆಯ ನಂತರ ಉಳಿದ ಕೆಲವರಿಗಷ್ಟೇ ಕಳಿಸಿದೆವು. ಸಲ್ಲಿಸಿದ ಪ್ರತಿಯೊಬ್ಬರಿಗೂ ಫಲಿತಾಂಶ ಏನೇ ಇರಲಿ, ನಿಗದಿತ ಮೊತ್ತವೊಂದನ್ನು ಸಂಸ್ಥೆ ಕೊಟ್ಟಿತು. ಹಣ ಕೊಡಬೇಕಾಗಿ ಬಂದಾಗ ಎಷ್ಟು ಜನರಿಗೆ ಕಳಿಸಬೇಕೆಂಬ ಲೆಕ್ಕಾಚಾರವೂ ತಾನಾಗಿ ಬಿಗಿಯಾಯಿತು.

ಅಂಕ ಹಾಕಿದ ಬಗೆ

ನಾಲ್ಕು ಅಂಶಗಳಿಗೂ ಸೊನ್ನೆಯಿಂದ ಮೂರರವರೆಗೆ ಅಂಕ, ಪ್ರತಿ ಅಂಕಕ್ಕೂ ಉತ್ತರ ಹೇಗಿರುತ್ತದೆಂಬ ವಿವರಣೆ. 'ಅಪೂರ್ಣ ಡೇಟಾ' ಎಂಬ ಅಂಶದ ವಿವರಣೆ ಹೀಗಿತ್ತು. ಹೊಸ ಪ್ಯಾಕಿಂಗಿನಿಂದ ವಾಪಸಾತಿ ಇಳಿದಿದೆ ಎಂದು ನೇರವಾಗಿ ಹೇಳಿದರೆ ಸೊನ್ನೆ. ಇತ್ತೀಚಿನ ವಾರಗಳ ಬಗ್ಗೆ ಅನುಮಾನ ವ್ಯಕ್ತಪಡಿಸಿಯೂ ತೀರ್ಮಾನವನ್ನು ಅವುಗಳ ಮೇಲೆಯೇ ನಿಲ್ಲಿಸಿದರೆ ಒಂದು. 30 ದಿನ ತುಂಬದ ಆರ್ಡರ್‌ಗಳನ್ನು ಹಳೆಯವುಗಳ ಜೊತೆ ಹಾಗೆಯೇ ಹೋಲಿಸುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿದರೆ ಎರಡು. ಅದರ ಮೇಲೆ ನ್ಯಾಯವಾದ ಹೋಲಿಕೆಯ ದಾರಿಯನ್ನೂ ತೋರಿಸಿದರೆ ಮೂರು. ಆ ಹೋಲಿಕೆಯನ್ನು ಲೆಕ್ಕಮಾಡಿಯೇ ತೋರಿಸಬೇಕಿಲ್ಲ, ಹೇಗೆಂದು ಒಂದು ವಾಕ್ಯದಲ್ಲಿ ಹೇಳಿದರೂ ಮೂರೇ. ಲೆಕ್ಕ ಬೇಕೇಬೇಕು ಎಂದಿದ್ದರೆ ಸಮಯ ಹಿಂಬಾಗಿಲಿನಿಂದ ಮತ್ತೆ ಒಳಗೆ ಬರುತ್ತಿತ್ತು.

ನಿಜವಾದ ಉತ್ತರಗಳು ಬರುವ ಮುನ್ನ, ಪ್ರಾಯೋಗಿಕ ಸುತ್ತಿನ ನಾಲ್ಕು ಉತ್ತರಗಳಿಗೆ ಪರಿಶೀಲಕರಿಬ್ಬರೂ ಬೇರೆಬೇರೆಯಾಗಿ ಅಂಕ ಹಾಕಿದರು. ಮೂರು ಅಂಶಗಳಲ್ಲಿ ಹೆಚ್ಚುಕಡಿಮೆ ಹೊಂದಿತು. 'ಸ್ಪಷ್ಟ ಬರವಣಿಗೆ' ಎಂಬಲ್ಲಿ ಮಾತ್ರ ಹೊಂದಲಿಲ್ಲ. ಕೇಳಿ ನೋಡಿದರೆ ಒಬ್ಬರು ಭಾಷೆಯ ನಯಕ್ಕೆ, ವ್ಯಾಕರಣಕ್ಕೆ ಅಂಕ ಹಾಕುತ್ತಿದ್ದರು. ಆ ಭಾಷೆಯಲ್ಲಿ ಓದಿ ಬೆಳೆದವರಿಗೆ ಅದು ಕುಳಿತಲ್ಲೇ ಸಿಗುವ ಅಂಕ, ಕೆಲಸಕ್ಕೆ ಬೇಕಾದದ್ದು ಅದಲ್ಲ. ಅಂಶವನ್ನೇ ತಿದ್ದಿದೆವು: "ಮೊದಲ ಮೂರು ಸಾಲುಗಳಲ್ಲಿ ವ್ಯವಸ್ಥಾಪಕರಿಗೆ ಉತ್ತರ ಸಿಗುತ್ತದೆಯೇ?" ಮತ್ತೆ ಹಾಕಿಸಿದಾಗ ಇಬ್ಬರೂ ಹತ್ತಿರ ಬಂದರು.

ಉತ್ತರಗಳು ಬಂದ ಮೇಲೆ ಹೆಸರುಗಳನ್ನು ತೆಗೆದೆವು. ಫೈಲಿನ ಗುಣಲಕ್ಷಣಗಳಲ್ಲಿ ಬರೆದವರ ಹೆಸರು ಉಳಿದಿರುತ್ತದೆ, ಅದನ್ನು ಹಲವರು ಮರೆಯುತ್ತಾರೆ; ಅದನ್ನೂ ಅಳಿಸಿದೆವು. ಒಬ್ಬ ಅಭ್ಯರ್ಥಿಯ ಉತ್ತರವನ್ನು ಪೂರ್ತಿ ಓದಿ ಮುಂದಿನವರಿಗೆ ಹೋಗುವ ಬದಲು, ಎಲ್ಲರ ಉತ್ತರಗಳನ್ನೂ ಒಂದು ಅಂಶಕ್ಕೆ ಓದಿ ಮುಗಿಸಿ, ಕ್ರಮ ಕಲಸಿ, ಎರಡನೆಯ ಅಂಶಕ್ಕೆ ಮತ್ತೆ ಓದುವುದು. ಒಂದು ತಪ್ಪು ಉಳಿದದ್ದಕ್ಕೆಲ್ಲ ಮಸಿ ಬಳಿಯದಿರಲು ಇದಕ್ಕಿಂತ ಸರಳ ಉಪಾಯ ನನಗೆ ಗೊತ್ತಿಲ್ಲ. ಇಬ್ಬರೂ ತಮ್ಮ ಅಂಕಗಳನ್ನು ಸಲ್ಲಿಸಿದ ಮೇಲಷ್ಟೇ ಮಾತು, ಅದೂ ಎರಡು ಅಥವಾ ಹೆಚ್ಚು ಅಂಕಗಳ ಅಂತರವಿದ್ದಲ್ಲಿ ಮಾತ್ರ.

ನಡುವೆ ಕ್ರಮವನ್ನೇ ಅಲುಗಾಡಿಸುವ ಒಂದು ಉತ್ತರ ಬಂತು. ಒಂದು ಪುಟದ ಹಿಂದೆ ಆರು ಪುಟಗಳ ಅನುಬಂಧ, ಹಲವು ಚಾರ್ಟುಗಳು, ನಿಜಕ್ಕೂ ಸೊಗಸಾದ ಕೆಲಸ. "ಮೇಡಂ, ಇಷ್ಟು ಮಾಡಿದವರನ್ನು ನೋಡಿಯೂ ನೋಡದಂತೆ ಇರುವುದು ಹೇಗೆ?" ಎಂದು ಪರಿಶೀಲಕರೊಬ್ಬರು ಮುಖ್ಯಸ್ಥೆಯನ್ನು ಕೇಳಿದರು. ಅವರು ಉಳಿದ ಉತ್ತರಗಳ ಕಡೆ ಕೈ ತೋರಿಸಿ, "ಇವರೆಲ್ಲ ನಮ್ಮ ಮಾತು ನಂಬಿ ಒಂದೇ ಪುಟಕ್ಕೆ ನಿಲ್ಲಿಸಿದ್ದಾರೆ, ಅವರಿಗೆ ಏನು ಹೇಳೋಣ?" ಎಂದರು. ಅನುಬಂಧವನ್ನು ಬದಿಗಿಟ್ಟು ಮೊದಲ ಪುಟಕ್ಕೆ ಮಾತ್ರ ಅಂಕ ಹಾಕಿದರು. ಆ ಪುಟದಲ್ಲಿ ಅಪೂರ್ಣ ಡೇಟಾದ ಅಂಶಕ್ಕೆ ಸಿಕ್ಕಿದ್ದು ಒಂದೇ.

ಏನಾಯಿತು

ಟಾಸ್ಕ್ ತಲುಪಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಉತ್ತರಿಸಿದರು. ಫಲಿತಾಂಶದ ನಂತರ ಸಮಯ ಕೇಳಿದಾಗ ಬಹುತೇಕರು ಒಂದೂವರೆಯಿಂದ ಎರಡೂವರೆ ಗಂಟೆ ಎಂದರು. ಗಂಟೆಗಳ ಪಟ್ಟಿಯೂ ಅಂಕಗಳ ಪಟ್ಟಿಯೂ ಈ ಸಲ ಜೊತೆಯಾಗಿ ನಡೆಯಲಿಲ್ಲ.

ಎಣಿಕೆಯ ಗುಂಡಿ ಅಂದುಕೊಂಡಂತೆ ಕೆಲಸ ಮಾಡಲಿಲ್ಲ. ಒಬ್ಬರನ್ನು ಬಿಟ್ಟು ಎಲ್ಲರೂ ದಾಟಿದರು, ಎಲ್ಲರಿಗೂ ಒಂದೇ ಅಂಕ ಸಿಗುವ ಅಂಶದಿಂದ ಆಯ್ಕೆಗೆ ಸಹಾಯವಿಲ್ಲ. ಬಿದ್ದ ಆ ಒಬ್ಬರೇ ಅಪೂರ್ಣ ಡೇಟಾಕ್ಕೆ ಮೂರು ಪಡೆದಿದ್ದರು. ಟಾಸ್ಕಿನ ನಂತರ ಎಲ್ಲರಿಗೂ ಒಂದೇ ಪ್ರಶ್ನೆಗಳಿರುವ ಇಪ್ಪತ್ತು ನಿಮಿಷದ ಮಾತುಕತೆ ಇತ್ತು. ಉತ್ತರ ಅವರದೇ ಹೌದೇ ಎಂಬುದೂ ಅಲ್ಲಿ ತಾನಾಗಿ ಗೊತ್ತಾಗುತ್ತದೆ. "ಈ ಪ್ರಮಾಣ ಸರಿಯೇ ಎಂದು ಹೇಗೆ ಪರೀಕ್ಷಿಸುತ್ತೀರಿ?" ಎಂದು ಕೇಳಿದಾಗ ಆ ಅಭ್ಯರ್ಥಿ ಆರ್ಡರ್‌ಗಳ ಒಟ್ಟು ಸಂಖ್ಯೆಯನ್ನು ಫೈಲಿನ ಸಾಲುಗಳ ಜೊತೆ ತಾಳೆ ನೋಡಿ, ತಪ್ಪನ್ನು ತಾವೇ ಹಿಡಿದರು. ಹಳೆಯ ಕ್ರಮದಲ್ಲಿ ಅವರ ಉತ್ತರದ ಓದು ಮೊದಲ ಪುಟದಲ್ಲೇ ಮುಗಿಯುತ್ತಿತ್ತು. ಈ ಸುತ್ತಿನಲ್ಲಿ ಅವರು ಎರಡನೆಯವರಾಗಿ ಉಳಿದರು. ಮುಂದೆ ಇನ್ನೊಂದು ಜಾಗ ಖಾಲಿಯಾದಾಗ ಹೊಸ ಟಾಸ್ಕ್ ಕೊಡದೆ ಅವರನ್ನೇ ಕರೆದರು.

ಆಯ್ಕೆಯಾಗದವರಿಗೆ ನಾಲ್ಕು ಅಂಶಗಳ ಅಂಕವನ್ನೂ ಅದರ ವಿವರಣೆಯನ್ನೂ ಕಳಿಸಿದೆವು. ಹಾಳೆ ಸಿದ್ಧವಿದ್ದದ್ದರಿಂದ ಅದಕ್ಕೆ ಹೆಚ್ಚಿನ ಶ್ರಮವೇನೂ ಬೇಕಾಗಲಿಲ್ಲ.

ಇದರಿಂದ ಕಾಣುವುದು

ಹೊಸ ಟಾಸ್ಕ್ ಒಳ್ಳೆಯ ಅನಲಿಸ್ಟ್‌ಗಳನ್ನು ಆರಿಸುತ್ತದೆಂದು ಈ ಪ್ರಕರಣ ಸಾಧಿಸುವುದಿಲ್ಲ. ಜನ ಕಡಿಮೆ, ಮೇಲಾಗಿ ಕೆಲಸಕ್ಕೆ ಸೇರಿದವರ ಸಾಧನೆ ಮಾತ್ರ ಮುಂದೆ ಕಾಣುತ್ತದೆ, ಆಯ್ಕೆಯಾಗದವರದು ಕಾಣುವುದಿಲ್ಲ. ಹೀಗೆ ಕೆಲಸದ ತುಣುಕೊಂದನ್ನು ಮಾಡಿಸಿ ನೋಡುವ ಕೆಲಸದ ಮಾದರಿಗಳ ಬಗ್ಗೆ ಸಂಶೋಧನೆಯೂ ಎಚ್ಚರಿಕೆ ಕಲಿಸುತ್ತದೆ. ಶ್ಮಿಟ್ ಮತ್ತು ಹಂಟರ್ 1998ರಲ್ಲಿ ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ, ಮಾದರಿಯ ಅಂಕಕ್ಕೂ ಮುಂದಿನ ಸಾಧನೆಗೂ, ಪೂರ್ತಿ ಹೊಂದಿಕೆಗೆ 1 ಎನ್ನುವ ಅಳತೆಯಲ್ಲಿ, 0.54ರ ಸಂಬಂಧವಿದೆ ಎಂದಿದ್ದರು. 2005ರಲ್ಲಿ ರಾತ್, ಬಾಬ್ಕೊ ಮತ್ತು ಮೆಕ್‌ಫಾರ್ಲಂಡ್ ಮತ್ತೆ ಲೆಕ್ಕ ಹಾಕಿದಾಗ ಅದು 0.33ರ ಆಸುಪಾಸಿಗೆ ಇಳಿಯಿತು. ಉಪಯುಕ್ತ, ಆದರೆ ಒಂಟಿಯಾಗಿ ತೀರ್ಪು ಕೊಡುವಷ್ಟಲ್ಲ. ಆದ್ದರಿಂದ ಟಾಸ್ಕ್ ಮತ್ತು ಮಾತುಕತೆಯ ಅಂಕಗಳನ್ನು ಬೇರೆಬೇರೆಯಾಗಿ ಬರೆದಿಟ್ಟು, ಸೇರಿದವರ ಬಗ್ಗೆ ಆರು ತಿಂಗಳ ನಂತರ ಮೇಲಧಿಕಾರಿ ಏನೆನ್ನುತ್ತಾರೆಂದು ಅದೇ ಹಾಳೆಯಲ್ಲಿ ದಾಖಲಿಸಲು ಶುರುಮಾಡಿದ್ದಾರೆ.

ಬಗೆಹರಿಯದ ಒಂದು ತೊಡಕಿದೆ. ಪ್ರಶ್ನೆ ಒಂದೆರಡು ಸುತ್ತುಗಳಲ್ಲಿ ಹೊರಗೆ ಹರಡುತ್ತದೆ. ಪ್ಯಾಕಿಂಗಿನ ಬದಲು ಚಂದಾದಾರಿಕೆಯ ರದ್ದತಿಯ ಕಥೆ ಹೆಣೆದು, ಅದೇ ಅಪೂರ್ಣ ಡೇಟಾದ ಗುಂಡಿಯನ್ನು ಇಟ್ಟು ಎರಡನೆಯ ಆವೃತ್ತಿ ಮಾಡಿದೆವು. ಕಾಗದದಲ್ಲಿ ಎರಡೂ ಸಮ ಎನಿಸಿದ್ದವು. ಪ್ರಾಯೋಗಿಕವಾಗಿ ಮಾಡಿಸಿದಾಗ ಎರಡನೆಯದಕ್ಕೆ ಎಲ್ಲರಿಗೂ ಅರ್ಧ ಗಂಟೆ ಹೆಚ್ಚು ಹಿಡಿಯಿತು. ಒಂದೇ ಗ್ರಾಹಕ ರದ್ದುಮಾಡಿ ಮತ್ತೆ ಸೇರುವುದನ್ನು ಹೇಗೆ ಎಣಿಸಬೇಕೆಂದು ಎಲ್ಲರೂ ಅಲ್ಲೇ ತಡವರಿಸಿದ್ದರು. ಆ ಸಾಲುಗಳನ್ನು ತೆಗೆದು ಮತ್ತೆ ಗಡಿಯಾರ ಇಟ್ಟ ಮೇಲೆಯೇ ಅದು ಬಳಕೆಗೆ ಬಂತು. ಒಂದೇ ಸುತ್ತಿನ ಅಭ್ಯರ್ಥಿಗಳಿಗೆಲ್ಲ ಒಂದೇ ಆವೃತ್ತಿ ಹೋಗುತ್ತದೆ. ಹೊಸದನ್ನು ಮಾಡಿ ನೋಡಲು ಹೊರಗಿನವರೊಬ್ಬರು ಸಿಗುವವರೆಗೆ ಮುಂದಿನ ಸುತ್ತನ್ನು ಶುರುಮಾಡುವುದಿಲ್ಲ ಎಂದು ತಂಡ ಬರೆದಿಟ್ಟುಕೊಂಡಿದೆ.